ಹಿಂದಿನ ಕೋಣೆಯ ಕನ್ಸೋಲ್‌ಗೆ ಸ್ಥಿರ ಸಂಪರ್ಕ: ಒಂದು ಮನೆಯ ಪ್ರಕರಣ ಅಧ್ಯಯನ

"ಮಾವ, ಸ್ಪೀಡ್ ಟೆಸ್ಟ್ ಮಾಡಿದರೆ 40 ತೋರಿಸುತ್ತದೆ. ಆದರೆ ಪಂದ್ಯದ ನಡುವೆ ನನ್ನ ಆಟಗಾರ ನಿಂತಲ್ಲೇ ನಿಂತು, ಮರುಕ್ಷಣ ಮೈದಾನದ ಇನ್ನೊಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತಾನೆ." ಅಕ್ಕನ ಮಗ ಫೋನಿನಲ್ಲಿ ಹೇಳಿದ ಈ ಎರಡು ಮಾತುಗಳಲ್ಲೇ ಪ್ರಕರಣದ ತಿರುಳು ಅಡಗಿತ್ತು. ವೇಗ ಸಾಕಷ್ಟಿದೆ, ಆದರೂ ಆಟ ಆಡಲಾಗುತ್ತಿಲ್ಲ. ಅವರ ಮನೆಯವರು ಅಷ್ಟರಲ್ಲಾಗಲೇ ಇನ್ನೂ ಹೆಚ್ಚಿನ ವೇಗದ ಪ್ಲಾನ್‌ಗೆ ಬದಲಾಯಿಸಿದ್ದರು. ಅದರಿಂದ ಏನೂ ಪ್ರಯೋಜನವಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ.

ಮನೆಯ ರಚನೆಯನ್ನು ಮೊದಲು ಹೇಳಬೇಕು. ಫೈಬರ್ ಸಂಪರ್ಕ ಮುಂದಿನ ಹಜಾರದ ಕಿಟಕಿಯ ಬಳಿ ಒಳಗೆ ಬರುತ್ತದೆ, ರೌಟರ್ ಕೂಡ ಅಲ್ಲೇ ಇದೆ. ಹುಡುಗ ಆಟ ಆಡುವ ಗೇಮ್ ಕನ್ಸೋಲ್ ಇರುವುದು ಮನೆಯ ಕಟ್ಟಕಡೆಯ ಕೋಣೆಯಲ್ಲಿ. ನೇರ ಗೆರೆ ಎಳೆದರೆ ಸುಮಾರು 14 ಮೀಟರ್. ಆ ಗೆರೆ ಎರಡು ಇಟ್ಟಿಗೆ ಗೋಡೆಗಳನ್ನು ದಾಟಿ, ಅಡುಗೆಮನೆಯ ಫ್ರಿಜ್ಜನ್ನು ಸವರಿಕೊಂಡು, ಟೈಲ್ಸ್ ಹಾಕಿದ ಬಚ್ಚಲುಮನೆಯ ಮೂಲೆಯನ್ನು ಹಾದು ಹೋಗುತ್ತದೆ. ನಡೆದು ಹೋಗುವ ದಾರಿ ಬೇರೆ. ಹಜಾರದಿಂದ ಊಟದ ಕೋಣೆ, ಅಲ್ಲಿಂದ ಬಲಕ್ಕೆ ತಿರುಗಿ ಕಿರಿದಾದ ಪ್ಯಾಸೇಜ್, ಅದರ ಕೊನೆಗೆ ಆ ಕೋಣೆ. ಈ ಎರಡು ದಾರಿಗಳ ವ್ಯತ್ಯಾಸ ಕೊನೆಗೆ ಬಹಳ ಮುಖ್ಯವಾಯಿತು.

ಗೋಡೆ ಕೊರೆದು ರೌಟರ್‌ನಿಂದ ಕನ್ಸೋಲ್‌ವರೆಗೆ ಒಂದೇ ಲ್ಯಾನ್ ಕೇಬಲ್ ಎಳೆಯುವ ಅನುಕೂಲ ಇರುವವರು ಅದನ್ನೇ ಮಾಡಲಿ. ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಇಲ್ಲಿ ಅದು ಆಗುವಂತಿರಲಿಲ್ಲ. ಕೇಬಲ್ ಮುಂಬಾಗಿಲನ್ನೂ ಅಡುಗೆಮನೆಯ ಹೊಸ್ತಿಲನ್ನೂ ಅಡ್ಡಹಾಯಬೇಕಿತ್ತು. ಗೋಡೆ ಕೊರೆಯುವುದಂತೂ ಬೇಡವೇ ಬೇಡ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ಉಳಿದದ್ದು ಎರಡು ದಾರಿ. ಮನೆಯ ವಿದ್ಯುತ್ ತಂತಿಯಲ್ಲೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್ ಒಂದು, ನಡುದಾರಿಯಲ್ಲಿ ವೈಫೈಯನ್ನು ಎತ್ತಿಕೊಂಡು ಮುಂದಕ್ಕೆ ದಾಟಿಸುವ ಮೆಶ್ ನೋಡ್ ಇನ್ನೊಂದು. ನನ್ನ ಬಳಿ ಒಂದು ಜೊತೆ ಪವರ್‌ಲೈನ್ ಅಡಾಪ್ಟರ್ ಮೊದಲೇ ಇದ್ದುದರಿಂದ ಅದರಿಂದಲೇ ಆರಂಭಿಸಿದೆ.

ಮೊದಲು ಅಳತೆ

ಏನನ್ನೂ ಜೋಡಿಸುವ ಮೊದಲು, ಕನ್ಸೋಲ್ ಇಟ್ಟಿದ್ದ ಜಾಗದಲ್ಲೇ ಲ್ಯಾಪ್‌ಟಾಪ್ ಇಟ್ಟು, ಹುಡುಗ ಆಡುವ ಹೊತ್ತಾದ ಸಂಜೆ 7 ಗಂಟೆಗೆ ಅಳತೆಗೆ ಕುಳಿತೆ. ಇದಕ್ಕೆ ವಿಶೇಷ ತಂತ್ರಾಂಶ ಏನೂ ಬೇಡ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ `ipconfig` ಎಂದು ಬರೆದರೆ `Default Gateway` ಎಂಬ ಸಾಲಿನಲ್ಲಿ ರೌಟರ್‌ನ ವಿಳಾಸ ಸಿಗುತ್ತದೆ. ಇಲ್ಲಿ ಅದು 192.168.1.1 ಆಗಿತ್ತು. ಆಮೇಲೆ ಎರಡು ಕಿಟಕಿ ತೆರೆದು, ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿದೆ:

```
ping -n 600 192.168.1.1
ping -n 600 8.8.8.8
```

ಮೊದಲನೆಯದು ಮನೆಯೊಳಗಿನ ದಾರಿಯನ್ನು ಮಾತ್ರ ಅಳೆಯುತ್ತದೆ. ಎರಡನೆಯದು ಮನೆಯನ್ನು ದಾಟಿ ಹೊರಗಿನ ಅಂತರ್ಜಾಲದವರೆಗೆ ಹೋಗಿ ಬರುತ್ತದೆ. ಎರಡೂ ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಸಣ್ಣ ತುಣುಕು, ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಬರೆಯುತ್ತಾ ಸುಮಾರು 10 ನಿಮಿಷ ಓಡುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸುವುದು ಏಕೆಂದರೆ, ಮೊದಲನೆಯದು ಶಾಂತವಾಗಿದ್ದು ಎರಡನೆಯದು ಮಾತ್ರ ಹಾರಾಡಿದರೆ ತೊಂದರೆ ಹೊರಗಿನ ಸಂಪರ್ಕದಲ್ಲಿದೆ ಎಂದಾಯಿತು. ಆಗ ಅಡಾಪ್ಟರ್ ಹಾಕಿದರೂ ಮೆಶ್ ಹಾಕಿದರೂ ಹಣ ನೀರಿಗೆ ಬಿದ್ದಂತೆ.

ಇಲ್ಲಿ ಮೊದಲನೆಯದೇ ಹಾರಾಡಿತು. ಅತಿ ಕಡಿಮೆ 2 ಮಿಲಿಸೆಕೆಂಡ್, ಸರಾಸರಿ 31, ಅತಿ ಹೆಚ್ಚು 1,140. ಕಳುಹಿಸಿದ 600 ಪ್ಯಾಕೆಟ್‌ಗಳಲ್ಲಿ 14 ಮರಳಿ ಬರಲೇ ಇಲ್ಲ. ಅದೂ ಸಂಪರ್ಕ ಮನೆಯ ಹೊಸ್ತಿಲು ದಾಟುವ ಮೊದಲೇ.

ಸ್ಪೀಡ್ ಟೆಸ್ಟ್‌ನಲ್ಲಿ ಇದು ಏಕೆ ಕಾಣಲಿಲ್ಲ ಎಂಬುದನ್ನು ಹುಡುಗನಿಗೆ ವಿವರಿಸಿದ್ದು ಹೀಗೆ. ಸ್ಪೀಡ್ ಟೆಸ್ಟ್ ಹತ್ತು ಹದಿನೈದು ಸೆಕೆಂಡುಗಳ ಕಾಲ ಸಾಧ್ಯವಾದಷ್ಟು ಡೇಟಾ ತರಿಸಿಕೊಂಡು ಸರಾಸರಿ ತೆಗೆಯುತ್ತದೆ. ನಡುವೆ ಅರ್ಧ ಸೆಕೆಂಡು ಎಲ್ಲವೂ ನಿಂತುಹೋದರೂ ಉಳಿದ ಹೊತ್ತಿನಲ್ಲಿ ಅದು ತುಂಬಿಕೊಳ್ಳುತ್ತದೆ. ಆಟ ಹಾಗಲ್ಲ. ಆನ್‌ಲೈನ್ ಆಟಕ್ಕೆ ಬೇಕಾಗುವ ಡೇಟಾ ಬಹಳ ಕಡಿಮೆ, ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಡ. ಆದರೆ ಆ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ಬರಬೇಕು. ಸೆಕೆಂಡಿಗೆ 60 ಬಾರಿ ಸ್ಥಿತಿ ತಿಳಿಸುವ ಆಟದಲ್ಲಿ ಒಂದು ಪ್ಯಾಕೆಟ್‌ಗೂ ಮುಂದಿನದಕ್ಕೂ ನಡುವೆ 17 ಮಿಲಿಸೆಕೆಂಡ್‌ಗೂ ಕಡಿಮೆ ಅಂತರ. ವೈಫೈಯಲ್ಲಿ ಒಂದು ಪ್ಯಾಕೆಟ್ ಕೆಟ್ಟರೆ ರೇಡಿಯೊ ಸುಮ್ಮನೆ ಬಿಡುವುದಿಲ್ಲ, ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಅದರ ಹಿಂದಿನವು ಸಾಲುಗಟ್ಟಿ ಕಾಯುತ್ತವೆ. 300 ಮಿಲಿಸೆಕೆಂಡ್ ತಡವಾದರೆ 18 ಸುದ್ದಿಗಳು ಒಟ್ಟಿಗೆ ಬಂದು ಬೀಳುತ್ತವೆ. ಆಟಗಾರ ನಿಂತಲ್ಲೇ ನಿಂತು ಇನ್ನೊಂದು ಮೂಲೆಗೆ ಹಾರಿದಂತೆ ಕಾಣುವುದು ಆಗಲೇ.

ಆದ್ದರಿಂದ ಮುಂದಿನ ಪ್ರತಿ ಪ್ರಯೋಗದಲ್ಲೂ ನಾನು ನೋಡಿದ್ದು ಎರಡೇ ಸಂಖ್ಯೆ: ಅತಿ ಕೆಟ್ಟ ಉತ್ತರ ಎಷ್ಟು ಮಿಲಿಸೆಕೆಂಡ್, ಕಳೆದುಹೋದ ಪ್ಯಾಕೆಟ್ ಎಷ್ಟು. ಸರಾಸರಿಯನ್ನು ಬರೆದಿಟ್ಟುಕೊಂಡೆನಾದರೂ ಅದನ್ನು ನಂಬಿ ಯಾವುದನ್ನೂ ತೀರ್ಮಾನಿಸಲಿಲ್ಲ.

ವಿದ್ಯುತ್ ತಂತಿಯ ದಾರಿ

ಪವರ್‌ಲೈನ್ ಅಡಾಪ್ಟರ್ ಜೊತೆಯಾಗಿ ಬರುತ್ತದೆ. ಒಂದನ್ನು ರೌಟರ್ ಪಕ್ಕದ ಪ್ಲಗ್ ಪಾಯಿಂಟ್‌ಗೆ ಚುಚ್ಚಿ ಕೇಬಲ್‌ನಿಂದ ರೌಟರ್‌ಗೆ ಜೋಡಿಸಬೇಕು, ಇನ್ನೊಂದನ್ನು ದೂರದ ಕೋಣೆಯಲ್ಲಿ ಚುಚ್ಚಿ ಕೇಬಲ್‌ನಿಂದ ಕನ್ಸೋಲ್‌ಗೆ ಜೋಡಿಸಬೇಕು. ಎರಡರ ನಡುವೆ ಗೋಡೆಯೊಳಗಿನ ತಂತಿಯೇ ಕೇಬಲ್. ಮನೆಯ ವಿದ್ಯುತ್ತಿನ ಆವರ್ತನ 50 ಅಥವಾ 60 ಹರ್ಟ್ಜ್, ಅಡಾಪ್ಟರ್‌ಗಳು ಬಳಸುವುದು 2 ಮೆಗಾಹರ್ಟ್ಜ್‌ಗಿಂತ ಮೇಲಿನದು. ಹಾಗಾಗಿ ಎರಡೂ ಒಂದೇ ತಂತಿಯಲ್ಲಿ ಒಂದರ ಗೊಡವೆಗೆ ಇನ್ನೊಂದು ಹೋಗದೆ ಹರಿಯಬಲ್ಲವು. ಅಡಾಪ್ಟರ್‌ಗಳು ಆ ಆವರ್ತನಗಳ ಪಟ್ಟಿಯನ್ನು ಬಹಳಷ್ಟು ಸಣ್ಣ ಎಳೆಗಳಾಗಿ ಸೀಳಿ, ಯಾವ ಎಳೆ ಎಷ್ಟು ಶುಭ್ರವಾಗಿದೆ ಎಂದು ಅಳೆದು, ಅದಕ್ಕೆ ತಕ್ಕಷ್ಟು ಹೊರೆ ಹಾಕುತ್ತವೆ. ತಂತಿಯಲ್ಲಿ ಗದ್ದಲ ಹೆಚ್ಚಾದರೆ ಮತ್ತೆ ಅಳೆದು ಹೊರೆ ಇಳಿಸುತ್ತವೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

ಪೆಟ್ಟಿಗೆಯ ಮೇಲೆ 1,000 ಎಂದು ಬರೆದಿತ್ತು. ಅದು ಆದರ್ಶ ತಂತಿಯಲ್ಲಿ ಅಡಾಪ್ಟರ್‌ಗಳು ತಮ್ಮತಮ್ಮೊಳಗೆ ಮಾತಾಡಬಹುದಾದ ಗರಿಷ್ಠ ದರ, ಎಂಬಿಪಿಎಸ್ ಲೆಕ್ಕದಲ್ಲಿ. ಕನ್ಸೋಲ್‌ಗೆ ಸಿಗುವುದು ಅದಲ್ಲ. ತಯಾರಕರ ಸಣ್ಣ ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡರೆ ನಿಜವಾದ ಜೋಡಣೆಯ ದರ ಕಾಣುತ್ತದೆ. ಕೈಗೆ ಬರುವ ವೇಗ ಸಾಮಾನ್ಯವಾಗಿ ಅದರ ಅರ್ಧಕ್ಕಿಂತಲೂ ಕಡಿಮೆ.

ಮೊದಲ ಸಲ ಆ ದರ 22 ತೋರಿಸಿತು. ಹುಡುಗ ಅಡಾಪ್ಟರನ್ನು ಟಿವಿಯ ಹಿಂದಿನ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಚುಚ್ಚಿದ್ದ. ಆ ಬೋರ್ಡ್‌ನಲ್ಲಿ ಸರ್ಜ್ ರಕ್ಷಣೆಯೂ ಫಿಲ್ಟರೂ ಇದ್ದವು. ತಂತಿಯಲ್ಲಿ ಬರುವ ಹೆಚ್ಚಿನ ಆವರ್ತನದ ಗದ್ದಲವನ್ನು ನುಂಗಿಹಾಕುವುದೇ ಅಂಥ ಬೋರ್ಡ್‌ನ ಕೆಲಸ. ಅಡಾಪ್ಟರ್‌ನ ಸಂಕೇತವೂ ಅದರ ಕಣ್ಣಿಗೆ ಗದ್ದಲವೇ. ಬೀರುವನ್ನು ಒಂದು ಗೇಣು ಸರಿಸಿ, ಅದರ ಹಿಂದಿದ್ದ ಗೋಡೆಯ ಸಾಕೆಟ್‌ಗೆ ನೇರವಾಗಿ ಚುಚ್ಚಿದ ಕೂಡಲೇ ದರ 140ಕ್ಕೆ ಏರಿತು. ಅಡಾಪ್ಟರ್‌ನ ಮೈಮೇಲೆಯೇ ಒಂದು ಸಾಕೆಟ್ ಇತ್ತು, ಎಕ್ಸ್‌ಟೆನ್ಶನ್ ಬೋರ್ಡನ್ನು ಅದಕ್ಕೆ ಚುಚ್ಚಿದೆವು. ಆ ಸಾಕೆಟ್‌ನ ಒಳಗಿರುವ ಫಿಲ್ಟರ್, ಟಿವಿ ಮತ್ತು ಕನ್ಸೋಲ್ ಎಬ್ಬಿಸುವ ಗದ್ದಲವನ್ನು ತಂತಿಗೆ ಬಿಡದೆ ತಡೆಯುತ್ತದೆ. ಅದೇ ಬೋರ್ಡ್ ಇಲ್ಲಿ ಶತ್ರುವಿನ ಜಾಗದಿಂದ ಮಿತ್ರನ ಜಾಗಕ್ಕೆ ಬಂತು. ಒಂದು ಎಚ್ಚರಿಕೆ: ಆ ಸಾಕೆಟ್ ಎಷ್ಟು ಆಂಪಿಯರ್ ತಾಳುತ್ತದೆ ಎಂದು ಅಡಾಪ್ಟರ್‌ನ ಬೆನ್ನಿನ ಮೇಲೆ ಬರೆದಿರುತ್ತದೆ. ಹೀಟರ್, ಇಸ್ತ್ರಿಪೆಟ್ಟಿಗೆಯಂಥವನ್ನು ಅದಕ್ಕೆ ಚುಚ್ಚಬಾರದು.

ಜೋಡಿಸುವಾಗ ಎರಡೂ ಅಡಾಪ್ಟರ್‌ಗಳ ಗುಂಡಿಯನ್ನು ಸುಮಾರು ಎರಡು ನಿಮಿಷದೊಳಗೆ ಒಂದಾದ ಮೇಲೊಂದು ಒತ್ತಿದೆ. ಒತ್ತದೆಯೂ ಅವು ಕೆಲಸ ಮಾಡುವುದುಂಟು. ಆದರೆ ಹಾಗೆ ಕೆಲಸ ಮಾಡಿದರೆ ಕಾರ್ಖಾನೆಯಲ್ಲಿ ಇಟ್ಟ, ಎಲ್ಲಕ್ಕೂ ಒಂದೇ ಆದ ಗುಪ್ತಪದದಿಂದ ಎಂದು ತಿಳಿಯಬೇಕು. ಬಹುಮಹಡಿ ಕಟ್ಟಡಗಳಲ್ಲಿ ಸಂಕೇತ ಪಕ್ಕದ ಮನೆಯ ತಂತಿಗೂ ಸೋರಬಹುದು, ಅಂಥ ಕಡೆ ಅದೇ ತಳಿಯ ಅಡಾಪ್ಟರ್ ಇಟ್ಟುಕೊಂಡವರು ಯಾರು ಬೇಕಾದರೂ ನಿಮ್ಮ ಜಾಲದೊಳಗೆ ಕಾಲಿಡಬಹುದು. ಗುಂಡಿ ಒತ್ತಿದರೆ ಈ ಜೋಡಿಗೆ ತನ್ನದೇ ಗುಪ್ತಪದ ಆಗುತ್ತದೆ.

ಮರುದಿನ ಬೆಳಿಗ್ಗೆಯ ಅಳತೆ ನೋಡಿ ಕೆಲಸ ಮುಗಿಯಿತು ಎಂದುಕೊಂಡೆ. ಸರಾಸರಿ 5 ಮಿಲಿಸೆಕೆಂಡ್, ಅತಿ ಕೆಟ್ಟದ್ದು 19, ಕಳೆದದ್ದು ಸೊನ್ನೆ. ಸಂಜೆ 7ಕ್ಕೆ ಮತ್ತೆ ಅಳೆದಾಗ ಅತಿ ಕೆಟ್ಟದ್ದು 640, ಕಳೆದದ್ದು 5, ಜೋಡಣೆಯ ದರ 140ರಿಂದ 60ಕ್ಕೆ ಇಳಿದಿತ್ತು. ಬೆಳಿಗ್ಗೆ ಚೆನ್ನಾಗಿದ್ದ ತಂತಿ ಸಂಜೆಗೆ ಕೆಡುವುದಿಲ್ಲ. ಸಂಜೆ ಮಾತ್ರ ಚಾಲೂ ಆಗುವ ಯಾವುದೋ ಒಂದು ಸಾಧನ ತಂತಿಗೆ ಗದ್ದಲ ಸುರಿಯುತ್ತಿದೆ ಎಂದೇ ಅರ್ಥ.

ಅದನ್ನು ಹುಡುಕುವ ಕ್ರಮ ಸರಳ, ಆದರೆ ಇಬ್ಬರು ಬೇಕು. ನಾನು ಲ್ಯಾಪ್‌ಟಾಪ್ ಮುಂದೆ ಕುಳಿತೆ. ಹುಡುಗ ಒಂದೊಂದೇ ಸಾಧನವನ್ನು ಆರಿಸುತ್ತಾ, ಏನು ಆರಿಸಿದ ಎಂದು ಕೂಗಿ ಹೇಳುತ್ತಾ ಬಂದ. ಪ್ರತಿಯೊಂದಕ್ಕೂ ಅರ್ಧ ನಿಮಿಷ ಕಾಯಬೇಕು, ಏಕೆಂದರೆ ಅಡಾಪ್ಟರ್ ಹೊಸದಾಗಿ ಅಳೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಟ್ಯೂಬ್‌ಲೈಟ್, ಫ್ಯಾನ್, ಫೋನಿನ ಚಾರ್ಜರ್ ಯಾವುದರಿಂದಲೂ ಗಮನಿಸುವಂಥ ಬದಲಾವಣೆ ಆಗಲಿಲ್ಲ. ಊಟದ ಕೋಣೆಯ ಶೋಕೇಸ್‌ನ ಒಳಗೆ ಅಂಟಿಸಿದ್ದ ಎಲ್‌ಇಡಿ ಪಟ್ಟಿಯನ್ನು ಆರಿಸಿದಾಗ ದರ 60ರಿಂದ 130 ದಾಟಿತು. ಪಟ್ಟಿಯ ತಪ್ಪಲ್ಲ, ಅದಕ್ಕೆ ವಿದ್ಯುತ್ ಒದಗಿಸುವ ಅಗ್ಗದ ಡ್ರೈವರ್ ಡಬ್ಬಿಯ ತಪ್ಪು. ಅದರೊಳಗಿನ ಸ್ವಿಚಿಂಗ್ ಮಂಡಲಕ್ಕೆ ಸರಿಯಾದ ಫಿಲ್ಟರ್ ಇರುವುದಿಲ್ಲ, ಸೆಕೆಂಡಿಗೆ ಸಾವಿರಾರು ಬಾರಿ ಆರಿ ಹತ್ತುವಾಗ ಹುಟ್ಟುವ ಗದ್ದಲವನ್ನು ನೇರ ಮನೆಯ ತಂತಿಗೆ ಬಿಡುತ್ತದೆ. ಡ್ರೈವರ್ ಬದಲಾಯಿಸಿದ ಮೇಲೆ ಸಂಜೆಯ ಅಳತೆಯೂ ಬೆಳಗಿನಂತೆಯೇ ಬಂತು.

ಆದರೆ ಎಂಟು ಗಂಟೆಯ ಸುಮಾರಿಗೆ ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಳು. ಸದ್ದು ಕಿವಿಗೆ ಬಿದ್ದ ಕ್ಷಣವೇ ಪರದೆಯ ಮೇಲೆ ಸಂಖ್ಯೆಗಳು ಜಿಗಿದವು. 5, 4, 6 ಎಂದು ಇಳಿಯುತ್ತಿದ್ದ ಸಾಲು 212, 480 ಆಗಿ, ಆಮೇಲೆ `Request timed out.` ಎಂದು ಬಂತು. ಮಿಕ್ಸಿ ನಿಂತು ಎರಡು ಮೂರು ಸೆಕೆಂಡಿಗೆ ಮತ್ತೆ 5, 5, 4. ನಾನು ಬೇಕೆಂದೇ ಇನ್ನೆರಡು ಸಲ ಹಾಕಿಸಿದೆ, ಎರಡು ಸಲವೂ ಅದೇ ಆಯಿತು.

ಮಿಕ್ಸಿಯಲ್ಲಿರುವುದು ಕಾರ್ಬನ್ ಬ್ರಷ್ ಇರುವ ಮೋಟರ್. ತಿರುಗುವಾಗ ಬ್ರಷ್‌ನ ಬಳಿ ನಿರಂತರ ಸಣ್ಣ ಕಿಡಿಗಳು ಹಾರುತ್ತವೆ. ಕಿಡಿ ಎಂದರೆ ಎಲ್ಲ ಆವರ್ತನಗಳಲ್ಲೂ ಒಟ್ಟಿಗೆ ಹರಡುವ ಗದ್ದಲ. ಡ್ರಿಲ್ ಯಂತ್ರ, ವ್ಯಾಕ್ಯೂಮ್ ಕ್ಲೀನರ್, ಕೂದಲು ಒಣಗಿಸುವ ಯಂತ್ರಗಳಲ್ಲೂ ಸಾಮಾನ್ಯವಾಗಿ ಇಂಥದೇ ಮೋಟರ್. ಅಡಾಪ್ಟರ್ ಈ ಗದ್ದಲಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಮೊದಲೇ ಹೇಳಿದಂತೆ ಹೊಸದಾಗಿ ಅಳೆದು ಹೊರೆ ಇಳಿಸಬೇಕು. ಅಲ್ಲಿಯವರೆಗೆ ಹಳೆಯ ಅಳತೆಯನ್ನು ನಂಬಿ ಕಳಿಸಿದ ಪ್ಯಾಕೆಟ್‌ಗಳು ಕೆಡುತ್ತವೆ. ಮಿಕ್ಸಿ ನಿಂತು ನಿಂತು ಓಡುವ ಯಂತ್ರವಾದ್ದರಿಂದ ಪ್ರತಿ ಸಲವೂ ಇದೇ ಕಥೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಆಡುವವನಿಗೆ ಮಾತ್ರ ಗೋಲು ಹೋಗುತ್ತದೆ.

ಹುಡುಗ ಅಡುಗೆಮನೆಯ ಕಡೆ ನೋಡಿ, "ಅಮ್ಮಾ, ನಾನು ಆಡುವಾಗ..." ಎಂದು ಶುರು ಮಾಡಿದ. ಅಕ್ಕ ಅವನ ಮಾತು ಮುಗಿಯಲು ಬಿಡಲಿಲ್ಲ. ಅವಳು ಹೇಳಿದ್ದು ಸರಿ. ಮನೆಯವರೆಲ್ಲರ ಕೆಲಸ ಒಬ್ಬನ ಆಟದ ಹೊತ್ತಿಗೆ ಹೊಂದಿಕೊಳ್ಳಬೇಕು ಎನ್ನುವ ಪರಿಹಾರವನ್ನು ನಾನು ಪರಿಹಾರ ಎಂದು ಎಣಿಸುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಮನೆಯಲ್ಲಿ ಎರಡೂ ಸಾಕೆಟ್‌ಗಳು ಒಂದೇ ಮೀಟರ್ ಬೋರ್ಡ್‌ನಿಂದ, ಒಂದೇ ಫೇಸ್‌ನಿಂದ ಬಂದಿದ್ದವು. ಮೂರು ಫೇಸ್ ಇರುವ ಮನೆಗಳಲ್ಲಿ ಹಜಾರ ಒಂದು ಫೇಸ್‌ನಲ್ಲೂ ಹಿಂದಿನ ಕೋಣೆ ಇನ್ನೊಂದರಲ್ಲೂ ಇದ್ದರೆ ಎರಡು ಅಡಾಪ್ಟರ್‌ಗಳ ನಡುವೆ ನೇರ ತಂತಿಯೇ ಇರುವುದಿಲ್ಲ. ಅಕ್ಕಪಕ್ಕದ ತಂತಿಗಳ ನಡುವೆ ಸೋರಿದಷ್ಟು ಸಂಕೇತ ಮಾತ್ರ ದಾಟುತ್ತದೆ. ಆಗ ದರ ಹಗಲು ರಾತ್ರಿ ಒಂದೇ ತೆರನಾಗಿ ಕೆಳಗಿರುತ್ತದೆ, ಯಾವ ಸಾಧನ ಆರಿಸಿದರೂ ಏರುವುದಿಲ್ಲ. ಹೊತ್ತಿಗೊಂದು ರೀತಿ ಆಡಿದರೆ ಗದ್ದಲ, ಸದಾ ಒಂದೇ ಸಮ ಕೆಟ್ಟಿದ್ದರೆ ತಂತಿಯ ದಾರಿ. ನಾನು ಈ ಎರಡನ್ನು ಬೇರ್ಪಡಿಸುವುದು ಹೀಗೆ. ಎರಡನೆಯದಾದರೆ ಹೆಚ್ಚು ಒದ್ದಾಡದೆ ಪವರ್‌ಲೈನ್ ಕೈಬಿಡುವುದೇ ಲೇಸು.

ಮೆಶ್: ಮೊದಲು ತಪ್ಪು ಜಾಗದಲ್ಲಿ

ಎರಡು ನೋಡ್‌ಗಳ ಮೆಶ್ ಜೊತೆಯೊಂದನ್ನು ತಂದೆವು. ಕೊಳ್ಳುವ ಮೊದಲು ನಾನು ಖಚಿತಪಡಿಸಿಕೊಂಡದ್ದು ಒಂದನ್ನೇ: ದೂರದಲ್ಲಿ ಇಡುವ ನೋಡ್‌ನ ಬೆನ್ನಿನಲ್ಲೂ ಲ್ಯಾನ್ ಪೋರ್ಟ್ ಇರಬೇಕು. ಕೆಲವು ತಯಾರಿಕೆಗಳಲ್ಲಿ ಮುಖ್ಯ ನೋಡ್‌ಗೆ ಮಾತ್ರ ಪೋರ್ಟ್ ಇರುತ್ತದೆ. ಅಂಥದ್ದು ನಮಗೆ ನಿರುಪಯೋಗಿ.

ನಾನು ತಲುಪುವ ಮೊದಲೇ ಹುಡುಗ ಎರಡನೆಯ ನೋಡನ್ನು ಕನ್ಸೋಲ್ ಪಕ್ಕದಲ್ಲೇ ಇಟ್ಟು ಜೋಡಿಸಿದ್ದ. ಬಹುತೇಕ ಎಲ್ಲರೂ ಮೊದಲು ಮಾಡುವುದು ಇದನ್ನೇ. ಸಿಗ್ನಲ್ ಇಲ್ಲದ ಜಾಗದಲ್ಲಿ ಸಿಗ್ನಲ್ ಕೊಡುವ ಪೆಟ್ಟಿಗೆ ಇಟ್ಟರಾಯಿತಲ್ಲ ಎಂಬ ಲೆಕ್ಕ. ಕನ್ಸೋಲ್‌ನ ಪರದೆಯಲ್ಲಿ ಸಿಗ್ನಲ್ ಪೂರ್ತಿ ತುಂಬಿತ್ತು. ಅಳೆದರೆ ಸರಾಸರಿ 38, ಅತಿ ಕೆಟ್ಟದ್ದು 900 ದಾಟಿತ್ತು. ಏನೂ ಇಲ್ಲದಿದ್ದಾಗ ಇದ್ದ ಸರಾಸರಿಗಿಂತಲೂ ಕೆಟ್ಟದ್ದು.

ಕಾರಣ ಸ್ಪಷ್ಟ. ತುಂಬಿದ ಗೆರೆಗಳು ತೋರಿಸುತ್ತಿದ್ದುದು ಕನ್ಸೋಲ್‌ಗೂ ಅದರ ಪಕ್ಕದ ನೋಡ್‌ಗೂ ನಡುವಿನ ಒಂದು ಮಾರು ದೂರವನ್ನು. ಆ ನೋಡ್ ಮಾತ್ರ ಮುಂದಿನ ಹಜಾರದ ನೋಡನ್ನು ಅದೇ 14 ಮೀಟರ್, ಅದೇ ಎರಡು ಗೋಡೆ, ಅದೇ ಫ್ರಿಜ್ಜಿನ ಆಚೆಯಿಂದ ಕೇಳಿಸಿಕೊಳ್ಳಬೇಕಿತ್ತು. ಮೆಶ್‌ನ ಆ್ಯಪ್‌ನಲ್ಲಿ ಎರಡು ನೋಡ್‌ಗಳ ನಡುವಿನ ಸಿಗ್ನಲ್ ಮಟ್ಟ ನೋಡಿದರೆ ಮೈನಸ್ 78 ಡಿಬಿಎಂ. ಈ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಆಟಕ್ಕೆ ಬೇಕಾದ ಜೋಡಣೆಯಲ್ಲಿ ಅದು ಮೈನಸ್ 65ಕ್ಕಿಂತ ಕೆಳಗಿಳಿಯಬಾರದು ಎಂದು ನಾನು ಇಟ್ಟುಕೊಂಡಿರುವ ಮಿತಿ. ಕೇಳಿಸದವನ ಪಕ್ಕದಲ್ಲಿ ಇನ್ನೊಬ್ಬ ಕೇಳಿಸದವನನ್ನು ಕೂರಿಸಿ ಸುದ್ದಿ ದಾಟಿಸಲು ಹೇಳಿದ ಹಾಗಾಗಿತ್ತು.

ಆಗ ಮನೆಯ ನಕ್ಷೆ ಬರೆದು ಗೆರೆ ಎಳೆದೆ. ರೌಟರ್‌ನಿಂದ ಊಟದ ಕೋಣೆಯ ತುದಿಯವರೆಗೆ, ಅಂದರೆ ಪ್ಯಾಸೇಜ್ ಬಲಕ್ಕೆ ತಿರುಗುವ ಮೂಲೆಯವರೆಗೆ ನೇರ ಗೆರೆ ಎಳೆದರೆ ಅಡ್ಡ ಬರುವುದು ಒಂದೇ ಗೋಡೆ. ಅಡುಗೆಮನೆ, ಬಚ್ಚಲುಮನೆ ಎರಡೂ ಗೆರೆಯ ಹೊರಗೆ ಉಳಿಯುತ್ತವೆ. ನೋಡನ್ನು ಆ ಮೂಲೆಯಲ್ಲಿ ಎದೆಯೆತ್ತರದ ಕಪಾಟಿನ ಮೇಲಿಟ್ಟಾಗ ಮಟ್ಟ ಮೈನಸ್ 58ಕ್ಕೆ ಬಂತು. ಅದನ್ನೇ ಅದೇ ಮೂಲೆಯ ನೆಲದ ಮೇಲಿಟ್ಟು ನೋಡಿದೆ, ಮೈನಸ್ 66. ನೆಲದ ಮಟ್ಟದಲ್ಲಿ ಸೋಫಾ, ಊಟದ ಮೇಜು, ಕುರ್ಚಿ ಎಲ್ಲವೂ ಗೆರೆಗೆ ಅಡ್ಡ ಬರುತ್ತವೆ.

ಇನ್ನು ನೋಡ್‌ನಿಂದ ಕನ್ಸೋಲ್‌ವರೆಗೆ. ಇದನ್ನು ವೈಫೈಗೆ ಬಿಡಲಿಲ್ಲ. ನಮ್ಮ ಮೆಶ್ ಎರಡು ಬ್ಯಾಂಡ್‌ಗಳದ್ದು, ನೋಡ್‌ನಲ್ಲಿರುವ 5 ಗಿಗಾಹರ್ಟ್ಜ್ ರೇಡಿಯೊ ಒಂದೇ. ಹಜಾರದಿಂದ ಕೇಳಿಸಿಕೊಳ್ಳುವುದೂ ಅದೇ ರೇಡಿಯೊ, ಕೋಣೆಗೆ ದಾಟಿಸುವುದೂ ಅದೇ. ಒಂದು ಹೊತ್ತಿಗೆ ಒಂದೇ ಕೆಲಸ. ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಸರದಿ ಕಾಯಬೇಕು. ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದಕ್ಕಿಂತ, ಕಾಯುವ ಹೊತ್ತು ಒಂದೊಂದು ಸಲ ಒಂದೊಂದು ರೀತಿ ಆಗುತ್ತದೆ ಎಂಬುದು ಆಟಕ್ಕೆ ಹೆಚ್ಚು ಕೆಡುಕು. ನೋಡ್‌ಗಳ ಮಾತಿಗೇ ಒಂದು ರೇಡಿಯೊ ಮೀಸಲಿಟ್ಟ ಮೂರು ಬ್ಯಾಂಡ್‌ಗಳ ಮೆಶ್‌ನಲ್ಲಿ ಈ ತೊಂದರೆ ಕಡಿಮೆ. ನಮ್ಮಲ್ಲಿ ಅದರ ಬದಲು 10 ಮೀಟರ್ ಉದ್ದದ ಲ್ಯಾನ್ ಕೇಬಲ್ ಬಳಸಿದೆವು. ಮೂಲೆಯ ಕಪಾಟಿನಿಂದ ಇಳಿಸಿ, ಪ್ಯಾಸೇಜಿನ ಗೋಡೆಯ ಬುಡದ ಪಟ್ಟಿಯ ಗುಂಟ ಅಂಟಿಸಿ, ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ಕನ್ಸೋಲ್‌ವರೆಗೆ ತಂದೆವು. ಬಿಳಿ ಗೋಡೆಗೆ ಬಿಳಿ ಕೇಬಲ್. ಯಾರ ಕಾಲಿಗೂ ಸಿಗದು ಎಂದು ಅಕ್ಕ ಒಪ್ಪಿದಳು.

ಆ ಸಂಜೆಯ ಅಳತೆ: ಸರಾಸರಿ 4, ಅತಿ ಕೆಟ್ಟದ್ದು 27, ಕಳೆದದ್ದು ಸೊನ್ನೆ. ಮಿಕ್ಸಿ ಹಾಕಿಸಿ ನೋಡಿದೆ. ಏನೂ ಆಗಲಿಲ್ಲ.

ಆಮೇಲೆ ಬಂದ ಎರಡು ತೊಡಕುಗಳು

ಆಟ ನೆಟ್ಟಗಾಯಿತು, ಆದರೆ ಸ್ನೇಹಿತರ ಧ್ವನಿ ಕೇಳಿಸುತ್ತಿಲ್ಲ, ಕೆಲವರ ಜೊತೆ ಪಂದ್ಯವೇ ಕೂಡಿಬರುತ್ತಿಲ್ಲ ಎಂದು ಎರಡು ದಿನಗಳ ನಂತರ ಹುಡುಗ ಹೇಳಿದ. ಇದು ಮೆಶ್ ತಂದವರಿಗೆ ಸಾಮಾನ್ಯವಾಗಿ ಬರುವ ತೊಂದರೆ. ಮೆಶ್‌ನ ಮುಖ್ಯ ನೋಡ್ ಪೆಟ್ಟಿಗೆಯಿಂದ ಹೊರಬಂದಾಗ ತಾನೇ ರೌಟರ್ ಎಂದು ತಿಳಿದಿರುತ್ತದೆ. ಹಳೆಯ ರೌಟರೂ ರೌಟರೇ. ಒಂದರ ಹಿಂದೆ ಒಂದು ಎರಡು ರೌಟರ್ ನಿಂತು ಎರಡು ಸಲ ವಿಳಾಸ ಬದಲಿಸುವುದರಿಂದ ಹೊರಗಿನ ಆಟಗಾರರು ಕನ್ಸೋಲನ್ನು ನೇರವಾಗಿ ತಲುಪಲಾರರು. ಖಚಿತಪಡಿಸಿಕೊಳ್ಳಲು ಲ್ಯಾಪ್‌ಟಾಪ್‌ನಲ್ಲಿ ಈ ಸಾಲು ಓಡಿಸಿದೆ:

```
tracert -d 8.8.8.8
```

ಮೊದಲ ಎರಡು ಸಾಲುಗಳಲ್ಲೂ 192.168 ಎಂದು ಆರಂಭವಾಗುವ ವಿಳಾಸಗಳೇ ಬಂದವು. ಮನೆಯೊಳಗೆ ಎರಡು ರೌಟರ್ ಇವೆ ಎನ್ನಲು ಇಷ್ಟು ಸಾಕು. ಮೆಶ್‌ನ ಆ್ಯಪ್‌ನಲ್ಲಿ `Access Point Mode` ಆಯ್ದು, ಹಳೆಯ ರೌಟರ್‌ನ ವೈಫೈಯನ್ನು ಆರಿಸಿದೆ. ಮತ್ತೆ ಓಡಿಸಿದಾಗ ಅಂಥ ವಿಳಾಸ ಒಂದೇ ಉಳಿಯಿತು, ಧ್ವನಿಯೂ ಬಂತು. ಎರಡನೆಯ ಸಾಲಿನಲ್ಲಿ 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಮಾತ್ರ ವಿಷಯ ಬೇರೆ. ಅದು ಸಂಪರ್ಕ ಒದಗಿಸುವವರ ಕಡೆಯಲ್ಲಿ ವಿಳಾಸ ಹಂಚಿಕೆಯಾಗುತ್ತಿರುವುದರ ಗುರುತು, ಮನೆಯೊಳಗೆ ಏನು ತಿರುಗಿಸಿದರೂ ಅದು ಹೋಗುವುದಿಲ್ಲ.

ಎರಡನೆಯದು ಅಪರೂಪದ್ದು, ಹುಡುಕಲು ಹೆಚ್ಚು ಹೊತ್ತು ಹಿಡಿಯಿತು. ವಾರಕ್ಕೊಮ್ಮೆಯೋ ಎರಡು ಸಲವೋ ಸಂಪರ್ಕ ಸುಮಾರು ಒಂದು ನಿಮಿಷ ಪೂರ್ತಿ ಹೋಗಿ ತಾನಾಗಿಯೇ ಬರುತ್ತಿತ್ತು. ಮೆಶ್‌ನ ದಾಖಲೆಯಲ್ಲಿ ರಾಡಾರ್ ಪತ್ತೆಯಾದ ಸಾಲು ಕಂಡಿತು. 5 ಗಿಗಾಹರ್ಟ್ಜ್‌ನ ಕೆಲವು ಚಾನೆಲ್‌ಗಳನ್ನು ಹವಾಮಾನ ಮತ್ತಿತರ ರಾಡಾರ್‌ಗಳೂ ಬಳಸುತ್ತವೆ. ಅಂಥ ಚಾನೆಲ್‌ನಲ್ಲಿರುವ ವೈಫೈ, ರಾಡಾರ್ ಸದ್ದು ಕೇಳಿದರೆ ಅಥವಾ ಕೇಳಿದಂತೆ ಅನ್ನಿಸಿದರೂ ಜಾಗ ಬಿಡಲೇಬೇಕು ಎಂಬುದು ನಿಯಮ. ಇನ್ನೊಂದು ಅಂಥದೇ ಚಾನೆಲ್‌ಗೆ ಹೋದರೆ ಮಾತಾಡುವ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳಬೇಕು. ನಮ್ಮ ಒಂದು ನಿಮಿಷ ಅದೇ. ಚಾನೆಲ್ ಆಯ್ಕೆಯನ್ನು ಸ್ವಯಂಚಾಲಿತದಿಂದ ತೆಗೆದು 36ಕ್ಕೆ, ಅಗಲವನ್ನು 80 ಮೆಗಾಹರ್ಟ್ಜ್‌ಗೆ ಇಟ್ಟೆ. 36ರಿಂದ 48ರವರೆಗಿನ ಚಾನೆಲ್‌ಗಳಿಗೆ ಸಾಮಾನ್ಯವಾಗಿ ಈ ನಿಯಮವಿಲ್ಲ. ಅಗಲವನ್ನು 160ಕ್ಕೆ ಬಿಟ್ಟರೆ ಅದು ಪಕ್ಕದ ರಾಡಾರ್ ಚಾನೆಲ್‌ಗಳಿಗೂ ಚಾಚಿಕೊಳ್ಳುತ್ತದೆ, ಮತ್ತೆ ಅದೇ ತೊಂದರೆ. ಅದಾದ ಮೇಲೆ ಆ ಒಂದು ನಿಮಿಷದ ಕಡಿತ ಮರಳಿ ಬಂದಿಲ್ಲ.

ಈ ಮನೆಯಲ್ಲಿ ಬಗೆಹರಿಯದೆ ಉಳಿದದ್ದೂ ಒಂದಿದೆ. ಅಕ್ಕನ ಫೋನ್ ರಾತ್ರಿ ಫೋಟೊಗಳನ್ನು ಮೇಲಕ್ಕೆ ಕಳಿಸತೊಡಗಿದಾಗ ಆಟ ಮತ್ತೆ ತಡವರಿಸುತ್ತದೆ. ಪಕ್ಕಪಕ್ಕದ ಎರಡು ಕಿಟಕಿಗಳಲ್ಲಿ ನೋಡಿದರೆ ರೌಟರ್‌ನ ಪಿಂಗ್ 4ರಲ್ಲೇ ಇದೆ, ಹೊರಗಿನದು 300 ದಾಟಿದೆ. ತೊಂದರೆ ಹಿಂದಿನ ಕೋಣೆಯದಲ್ಲ. ಮನೆಯಿಂದ ಹೊರಹೋಗುವ ದಾರಿ ತುಂಬಿ, ರೌಟರ್‌ನ ಬಾಗಿಲಲ್ಲಿ ಸಾಲು ಬೆಳೆಯುತ್ತಿದೆ. ಆ ಸಾಲನ್ನು ಚಿಕ್ಕದಾಗಿ ಇಡುವ ಎಸ್‌ಕ್ಯೂಎಂ ಎಂಬ ವ್ಯವಸ್ಥೆ ಇರುವ ರೌಟರ್‌ನಲ್ಲಿ ಮೇಲಕ್ಕೆ ಹೋಗುವ ವೇಗವನ್ನು ನಿಜವಾಗಿ ಸಿಗುವುದರ ಸುಮಾರು 90 ಪ್ರತಿಶತಕ್ಕೆ ಕಟ್ಟಿಹಾಕಿದರೆ ಇದು ಹೋಗುತ್ತದೆ. ಅವರ ರೌಟರ್‌ನಲ್ಲಿ ಅದಿಲ್ಲ. ಸದ್ಯಕ್ಕೆ ಹುಡುಗ ಆಡುವ ಒಂದು ಗಂಟೆ ಫೋಟೊಗಳ ರವಾನೆಯನ್ನು ನಿಲ್ಲಿಸಿಡಲು ಅಕ್ಕ ಒಪ್ಪಿದ್ದಾಳೆ. ಮಿಕ್ಸಿಯ ವಿಷಯದಲ್ಲಿ ಒಪ್ಪದವಳು ಇದಕ್ಕೆ ಒಪ್ಪಿದ್ದು ನ್ಯಾಯವೇ, ಫೋಟೊಗಳು ಒಂದು ಗಂಟೆ ಕಾಯಬಲ್ಲವು.

ಪವರ್‌ಲೈನ್ ಅಡಾಪ್ಟರ್‌ಗಳು ಈಗ ಮಹಡಿಯ ಕೋಣೆಯ ಟಿವಿಗೆ ಸಂಪರ್ಕ ಕೊಡುತ್ತಿವೆ. ಅಲ್ಲಿಗೆ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ. ಮೇಲೆಯೂ ಗೋಡೆಯ ಸಾಕೆಟ್‌ಗೇ ಚುಚ್ಚಿದ್ದೇವೆ, ಜೋಡಣೆಯ ದರ 110ರ ಆಸುಪಾಸಿನಲ್ಲಿದೆ. ಟಿವಿ ಮುಂದಿನ ಹಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಕೆಳಗೆ ಮಿಕ್ಸಿ ಓಡುವಾಗ ತಂತಿಯಲ್ಲಿ ಪ್ಯಾಕೆಟ್‌ಗಳು ಮೊದಲಿನಂತೆಯೇ ಕೆಡುತ್ತವೆ, ಮೇಲೆ ಚಿತ್ರ ನಿಲ್ಲುವುದಿಲ್ಲ.